ಎಪ್ಪತ್ತು ಡಿಗ್ರಿಯ ಸುಳ್ಳು

ಯಾರಾದರೂ "ಸ್ವಲ್ಪ ಬೇಗ ಮಾಡಿ ಮುಗಿಸಿ" ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಗ್ಯಾಸಿನ ಉರಿ ದೊಡ್ಡದು ಮಾಡಿ ಹಾಲು ಕಾಯಿಸುವ ಸೊಸೆ ನಾನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಉರಿ ಸಣ್ಣದು ಮಾಡುತ್ತಾಳೆ. ಅತ್ತೆಗೆ ವಯಸ್ಸಾಯಿತು, ಸಿಡುಕು ಹೆಚ್ಚಾಯಿತು ಎಂದುಕೊಂಡಿದ್ದಾಳೆ. ಈ ಸಿಡುಕು ವಯಸ್ಸಿನಿಂದ ಬಂದದ್ದಲ್ಲ. ಅರವತ್ತರ ದಶಕದಲ್ಲಿ, ಯಶವಂತಪುರದ ಆಚೆ ನಾನು ಕೆಲಸ ಮಾಡುತ್ತಿದ್ದ ಪರೀಕ್ಷಾಲಯದಲ್ಲಿ, ಒಬ್ಬರು ಒಂದು ಓವನ್ನಿನ ಗುಂಡಿಯನ್ನು ಎಪ್ಪತ್ತು ಡಿಗ್ರಿಗೆ ತಿರುಗಿಸಿದರು. ಅಂದು ಹತ್ತಿಕೊಂಡದ್ದು ಇನ್ನೂ ಆರಿಲ್ಲ.

ಆ ಪರೀಕ್ಷಾಲಯದ ಹೆಸರು ಬೇಡ. ಅದು ಈಗಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಅಲ್ಲಿಗೆ ಸೇರಿದ್ದೆ. ಯಲಹಂಕದಿಂದ ಬೆಳಗಿನ ಮೀಟರ್ ಗೇಜ್ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಗೂಡ್ಸ್ ಯಾರ್ಡಿನ ಪಕ್ಕದ ಮಣ್ಣುದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಸೀರೆಯ ಅಂಚೆಲ್ಲ ಕೆಂಪು ಧೂಳು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ನನ್ನ ಕೆಲಸ ಕೇಳಿದವರಿಗೆಲ್ಲ ನಗು ಬರುತ್ತಿತ್ತು, ಯಾಕೆಂದರೆ ನನ್ನ ಕೆಲಸ ಬ್ಯಾಟರಿಗಳನ್ನು ಮುದಿ ಮಾಡುವುದು.

ಬ್ಯಾಟರಿ ಸೆಲ್ಲು ಉಪಯೋಗಿಸದೆ ಕಪಾಟಿನಲ್ಲಿ ಸುಮ್ಮನೆ ಕೂತಿದ್ದರೂ ಮುದಿಯಾಗುತ್ತದೆ. ಒಳಗಿನ ರಸಾಯನ ತನ್ನ ಪಾಡಿಗೆ ತಾನು ಸತುವಿನ ಡಬ್ಬಿಯನ್ನು ತಿನ್ನುತ್ತಿರುತ್ತದೆ, ಶಕ್ತಿ ಸೋರುತ್ತಿರುತ್ತದೆ. ಕೊಳ್ಳುವ ಇಲಾಖೆಯವರು ಕೇಳುವ ಪ್ರಶ್ನೆ ಒಂದೇ: ಮೂವತ್ತು ಡಿಗ್ರಿಯ ಉಗ್ರಾಣದಲ್ಲಿ ಎರಡು ವರ್ಷ ಇಟ್ಟರೆ ಈ ಸೆಲ್ಲು ಕಾಲುಭಾಗಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳದೆ ಉಳಿಯುತ್ತದೆಯೆ? ಇಟ್ಟು ನೋಡೋಣ ಎಂದರೆ ಎರಡು ವರ್ಷ ಕೈಕಟ್ಟಿ ಕೂರಬೇಕು. ಅಷ್ಟು ಹೊತ್ತಿಗೆ ಕೇಳಿದವರೂ ಇರುವುದಿಲ್ಲ, ಮಾಡಿದವರೂ ಇರುವುದಿಲ್ಲ.

ಇಲ್ಲಿಯೇ ಅರ್ಹೇನಿಯಸ್ ಎಂಬ ವಿಜ್ಞಾನಿಯ ಸಮೀಕರಣ ಕೈಹಿಡಿಯುತ್ತಿತ್ತು. ಯಾವ ರಾಸಾಯನಿಕ ಕ್ರಿಯೆಯೂ ಒಂದು ಹೊಸ್ತಿಲು ದಾಟಬೇಕು. ತಣ್ಣಗಿದ್ದಾಗ ಅದನ್ನು ದಾಟುವಷ್ಟು ಕಸುವು ಕೆಲವೇ ಕಣಗಳಿಗಿರುತ್ತದೆ, ಬಿಸಿ ಏರಿದಂತೆ ದಾಟುವವು ಹೆಚ್ಚುತ್ತವೆ. ಹೆಚ್ಚುವುದು ಕೂಡಿಕೆಯಲ್ಲಿ ಅಲ್ಲ, ಪಟ್ಟಿನಲ್ಲಿ. ಹತ್ತು ಡಿಗ್ರಿ ಏರಿದರೆ ಸುಮಾರಾಗಿ ಎರಡು ಪಟ್ಟು ವೇಗ ಎಂದು ಬಾಯಿಪಾಠ ಹೇಳುವುದುಂಟು, ಆದರೆ ಅದು ಅಂದಾಜಷ್ಟೆ. ಒಂದೊಂದು ಕ್ರಿಯೆಯ ಹೊಸ್ತಿಲು ಒಂದೊಂದು ಎತ್ತರ. ಆ ಎತ್ತರ ತಿಳಿಯಬೇಕಾದರೆ ಕನಿಷ್ಠ ಮೂರು ಬೇರೆ ಬೇರೆ ಬಿಸಿಯಲ್ಲಿ ಸೆಲ್ಲುಗಳನ್ನು ಇಡಬೇಕು, ಆಗಾಗ ಕೆಲವನ್ನು ತೆಗೆದು ಎಷ್ಟು ಶಕ್ತಿ ಉಳಿದಿದೆ ಎಂದು ಅಳೆಯಬೇಕು. ಸಾಯುವ ತನಕ ಕಾಯಬೇಕಿಲ್ಲ, ಎಷ್ಟು ವೇಗವಾಗಿ ಕುಗ್ಗುತ್ತಿದೆ ಎಂದು ಗೊತ್ತಾದರೆ ಸಾಕು. ಆ ವೇಗಗಳ ಲಾಗರಿದಂ ತೆಗೆದು, ಸೆಂಟಿಗ್ರೇಡಿಗೆ ಇನ್ನೂರ ಎಪ್ಪತ್ತಮೂರು ಕೂಡಿಸಿ ಬಂದ ಉಷ್ಣತೆಯನ್ನು ಒಂದರ ಕೆಳಗೆ ಇಟ್ಟು, ಗ್ರಾಫ್ ಕಾಗದದ ಮೇಲೆ ಗುರುತು ಹಾಕಿದರೆ ಚುಕ್ಕಿಗಳು ಒಂದೇ ನೇರ ಗೆರೆಯಲ್ಲಿ ಬಂದು ಕೂರುತ್ತವೆ. ಆ ಗೆರೆಯನ್ನು ಮೂವತ್ತು ಡಿಗ್ರಿಯ ತನಕ ಎಳೆದರೆ, ಎರಡು ವರ್ಷದ ಮಾತನ್ನು ಕೆಲವೇ ವಾರಗಳಲ್ಲಿ ಹೇಳಬಹುದು. ಮೊದಲ ಸಲ ಆ ಗೆರೆ ಎಳೆದಾಗ ನನಗೆ ರೋಮಾಂಚನವಾಗಿತ್ತು. ಸ್ಕೇಲು, ಪೆನ್ಸಿಲ್ಲು, ಲಾಗ್ ಪುಸ್ತಕ ಇಟ್ಟುಕೊಂಡು ಮುಂದಿನ ವರ್ಷಗಳನ್ನು ನೋಡುವ ವಿದ್ಯೆ ಅದು.

ಆದರೆ ಅದಕ್ಕೊಂದು ಕಟ್ಟಳೆ ಇದೆ. ಎಲ್ಲ ಬಿಸಿಯಲ್ಲೂ ಸೆಲ್ಲು ಒಂದೇ ಕಾರಣಕ್ಕೆ ಕುಗ್ಗುತ್ತಿರಬೇಕು. ದೋಸೆ ಹಿಟ್ಟನ್ನು ಒಲೆಯ ಪಕ್ಕ ಇಟ್ಟರೆ ಬೇಗ ಹುಳಿ ಬರುತ್ತದೆ. ಒಲೆಯ ಮೇಲೆ ಇಟ್ಟರೆ ಇನ್ನೂ ಬೇಗ ಹುಳಿ ಬರುವುದಿಲ್ಲ, ಬೆಂದು ಹೋಗುತ್ತದೆ. ಬೆಂದ ಹಿಟ್ಟನ್ನು ನೋಡಿ ಇದು ಎಷ್ಟು ಹೊತ್ತಿಗೆ ಹುಳಿಯಾಗುತ್ತಿತ್ತು ಎಂದು ಲೆಕ್ಕ ಹಾಕುವವನನ್ನು ಏನೆನ್ನಬೇಕು? ನಮ್ಮಲ್ಲಿ ಅಂಥವರನ್ನು ಮುಖ್ಯಸ್ಥರು ಎನ್ನುತ್ತಿದ್ದರು.

ಶೆಟ್ಟಿಹಳ್ಳಿಯ ಗಂಡ ಹೆಂಡತಿ ಇಬ್ಬರು ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಟೆಲಿಫೋನಿನ ದೊಡ್ಡ ಸೆಲ್ಲು ಮಾಡುತ್ತಿದ್ದರು. ಆಗ ಹಳ್ಳಿಗಾಡಿನ ಟೆಲಿಫೋನಿಗೆ ಗೋಡೆಯ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಗೇಣುದ್ದದ, ಒಂದು ಸೇರು ತೂಕದ ಸೆಲ್ಲುಗಳು ಇರುತ್ತಿದ್ದವು. ಗಂಡ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತು ಹೊರಬಿದ್ದವನು. ಹೆಂಡತಿ ಅವನಿಂದ ಕಲಿತವಳು. ಟೆಲಿಫೋನ್ ಇಲಾಖೆಯವರು ಇವರ ಸೆಲ್ಲು ಕೊಳ್ಳಲು ಒಪ್ಪಿದ್ದರು, ಆದರೆ ನಮ್ಮ ಪರೀಕ್ಷೆಯಲ್ಲಿ ಪಾಸಾಗಬೇಕು. ಪಾಸಾದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಮುಚ್ಚಬೇಕು. ಇಷ್ಟೇ ವಿಷಯ. ಇದರಲ್ಲಿ ಗೂಢವಾದದ್ದು ಏನೂ ಇಲ್ಲ.

ಪರೀಕ್ಷೆಯ ಮಾದರಿಗಳನ್ನು ಮಾಡಿದವರೇ ಆರಿಸಿ ಕೊಡಬಾರದು, ನಾವೇ ಹೋಗಿ ರಾಶಿಯಿಂದ ಆರಿಸಿ ತರಬೇಕು. ಹಾಗೆ ಹೋದದ್ದು ನಾನು. ಗಂಡ ನನ್ನನ್ನು ಕಂಡು ಬೀಡಿ ಬಿಸಾಕಿ ಎದ್ದು ನಿಂತ. ಸತುವಿನ ಡಬ್ಬಿ, ಅದರೊಳಗೆ ಮೈದಾ ಮತ್ತು ನವಸಾಗರ ಹಾಕಿ ಕಾಯಿಸಿದ ಗಂಜಿ, ಗಂಜಿಯ ನಡುವೆ ಬಟ್ಟೆ ಸುತ್ತಿದ ಕಪ್ಪು ಮ್ಯಾಂಗನೀಸ್ ಗಟ್ಟಿ, ಗಟ್ಟಿಯ ನಡುವೆ ಕಾರ್ಬನ್ ಕಡ್ಡಿ. ಎಲ್ಲವನ್ನೂ ಮಗುವನ್ನು ತೋರಿಸುವ ಹಾಗೆ ತೋರಿಸಿದ. ಕೊನೆಯಲ್ಲಿ ನೀರಿನಂಶ ಆರದಿರಲೆಂದು ಬಾಯಿಗೆ ಬಿಸಿ ಡಾಂಬರು ಸುರಿದು ಮುಚ್ಚುತ್ತಾರೆ. ಅದು ಹೆಂಡತಿಯ ಕೆಲಸ. ಡಾಂಬರು ಗಟ್ಟಿಯಾಗುವ ಹೊತ್ತಿಗೆ ಅವಳು ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಅಂಚಿನಲ್ಲಿ ಒಂದು ಸಲ ಒತ್ತುತ್ತಿದ್ದಳು. ಡಾಂಬರು ಡಬ್ಬಿಗೆ ಸರಿಯಾಗಿ ಕಚ್ಚಿಕೊಂಡಿದೆಯೇ ಎಂದು ನೋಡುವ ರೀತಿ ಅದು. ಹಾಗಾಗಿ ಪ್ರತಿ ಸೆಲ್ಲಿನ ನೆತ್ತಿಯ ಮೇಲೂ ಅವಳ ಹೆಬ್ಬೆರಳಿನ ಗುಳಿ ಇರುತ್ತಿತ್ತು, ಗೆರೆಗಳ ಸಮೇತ. ಗೋಡೆಯ ಮೇಲೆ ಒಂದು ಹಳೆಯ ಕರೆಗಂಟೆ ಇತ್ತು. ಗಂಡ ಸಿದ್ಧವಾದ ಪ್ರತಿ ಸೆಲ್ಲನ್ನೂ ಅದಕ್ಕೆ ಮುಟ್ಟಿಸಿ ಒಂದೇ ಒಂದು ಸಲ ಬಾರಿಸಿ ನೋಡಿ ಕೆಳಗಿಡುತ್ತಿದ್ದ.

ಇನ್ನೊಂದು ಸಲ ಬಾರಿಸಿ ನೋಡೋಣವೇ ಎಂದು ನಾನು ಕೇಳಿದೆ. ಅವನು ನಕ್ಕು ತಲೆ ಅಲ್ಲಾಡಿಸಿದ.

"ಬ್ಯಾಡಿ ಅಮ್ಮಾ, ಸೆಲ್ಲು ಖರ್ಚಾಯ್ತದೆ. ಅದು ತಗಂಡೋರ ಪಾಲು."

ನಾನು ಸೆಲ್ಲುಗಳನ್ನು ಮೂವತ್ತೈದು, ನಲವತ್ತೈದು, ಐವತ್ತೈದು ಡಿಗ್ರಿಯ ಮೂರು ಓವನ್ನುಗಳಲ್ಲಿ ಇಟ್ಟೆ. ಹೋಲಿಕೆಗೆಂದು ಆರು ಸೆಲ್ಲುಗಳನ್ನು ಹೊರಗೆ ಕಪಾಟಿನಲ್ಲಿ ಇಟ್ಟೆ. ಹನ್ನೆರಡು ವಾರದ ಪರೀಕ್ಷೆ ಎಂದು ಮುಖ್ಯಸ್ಥರೇ ಒಪ್ಪಿ ಸಹಿ ಮಾಡಿದ್ದರು. ಮೊದಲ ಐದು ವಾರ ಎಲ್ಲವೂ ಸರಾಗವಾಗಿ ನಡೆಯಿತು. ಐವತ್ತೈದರ ಸೆಲ್ಲುಗಳು ಸ್ವಲ್ಪ ಕುಗ್ಗಿದ್ದವು, ನಲವತ್ತೈದರವು ಅದರ ಅರ್ಧದಷ್ಟು, ಮೂವತ್ತೈದರವು ಕುಗ್ಗಿದವೋ ಇಲ್ಲವೋ ಎನ್ನುವಷ್ಟು. ಹೀಗೇ ಆಗಬೇಕು. ಚುಕ್ಕಿಗಳು ಸಾಲಾಗಿ ಕೂರಲು ಶುರುವಾಗಿದ್ದವು, ಗೆರೆ ಎರಡು ವರ್ಷವನ್ನು ದಾಟುವ ಹಾಗೆ ಕಾಣುತ್ತಿತ್ತು. ಇನ್ನು ಏಳು ವಾರ ಸಿಕ್ಕಿದ್ದರೆ ಎದೆ ತಟ್ಟಿ ಹೇಳಬಹುದಿತ್ತು.

ಆರನೆಯ ವಾರ ಮುಖ್ಯಸ್ಥರು ನಮ್ಮ ಕೋಣೆಗೆ ಬಂದರು. ಅವರು ಕೆಲವು ತಿಂಗಳು ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದರು, ಬಂದ ಮೇಲೆ ನಮ್ಮ ಕಾಫಿಯೂ ಅವರಿಗೆ ಸೇರುತ್ತಿರಲಿಲ್ಲ. ದೆಹಲಿಯಿಂದ ಯಾರೋ ದೊಡ್ಡವರು ನೋಡಲು ಬರುತ್ತಾರಂತೆ, ತಿಂಗಳ ಕೊನೆಗೆ ಬಾಕಿ ಇರುವ ವರದಿಗಳೆಲ್ಲ ಮುಗಿದಿರಬೇಕಂತೆ. ಹನ್ನೆರಡು ವಾರ ಆಗಿಲ್ಲವಲ್ಲ ಎಂದೆ. ಅವರು ಮೂವತ್ತೈದರ ಓವನ್ನಿನ ಬಾಗಿಲು ತೆರೆದು, ಇದರಲ್ಲಿ ಏನೂ ಆಗುತ್ತಲೇ ಇಲ್ಲ, ಸುಮ್ಮನೆ ವಿದ್ಯುತ್ತು ದಂಡ ಎಂದರು. ಅದರಲ್ಲಿ ಏನೂ ಆಗದಿರುವುದೇ ನಮಗೆ ಬೇಕಾದ ಸುದ್ದಿ, ಮೂವತ್ತು ಡಿಗ್ರಿಗೆ ಎಲ್ಲಕ್ಕಿಂತ ಹತ್ತಿರದ ಚುಕ್ಕಿ ಅದೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆಲ್ಲುಗಳನ್ನು ಹೊರಗೆ ತೆಗೆಸಿ, ಮಿಕ್ಕಿದ್ದ ಮಾದರಿಗಳಿಂದ ಹೊಸ ಸೆಲ್ಲುಗಳನ್ನು ಇಡಿಸಿ, ಗುಂಡಿಯನ್ನು ಎಪ್ಪತ್ತಕ್ಕೆ ತಿರುಗಿಸಿದ್ದರು. ಅಲ್ಲಿ ವಿದೇಶದಲ್ಲಿ ಎಪ್ಪತ್ತರಲ್ಲೇ ಮಾಡುತ್ತಾರಂತೆ. ಅಲ್ಲಿಯ ಸೆಲ್ಲುಗಳನ್ನು ಯಾವುದರಿಂದ ಮುಚ್ಚಿರುತ್ತಾರೆ ಎಂದು ಕೇಳಿದೆ. ಅದು ಅವರಿಗೆ ನೆನಪಿರಲಿಲ್ಲ. ಡಿಗ್ರಿ ಮಾತ್ರ ನೆನಪಿತ್ತು.

ಎರಡು ವಾರಕ್ಕೆ ಎಪ್ಪತ್ತರ ಸೆಲ್ಲುಗಳು ಕೈಕೊಟ್ಟವು. ಕಾಲುಭಾಗವಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಂಡಿದ್ದವು. ಮುಖ್ಯಸ್ಥರು ನಿಂತ ಕಾಲಲ್ಲೇ ಲೆಕ್ಕ ಹಾಕಿದರು. ಹತ್ತು ಡಿಗ್ರಿಗೆ ಎರಡು ಪಟ್ಟು. ಎಪ್ಪತ್ತರಿಂದ ಮೂವತ್ತಕ್ಕೆ ನಲವತ್ತು ಡಿಗ್ರಿ, ಅಂದರೆ ಹದಿನಾರು ಪಟ್ಟು. ಎರಡು ವಾರದ ಹದಿನಾರು ಪಟ್ಟು ಮೂವತ್ತೆರಡು ವಾರ. ಏಳೆಂಟು ತಿಂಗಳು ಬಾಳುವ ಸೆಲ್ಲು, ಬೇಕಾದದ್ದು ಎರಡು ವರ್ಷ. ಫೇಲು. ಲಾಗ್ ಪುಸ್ತಕವನ್ನೂ ಅವರು ಮುಟ್ಟಲಿಲ್ಲ. ತರಕಾರಿಯವನು ಕೂಡ ಇದಕ್ಕಿಂತ ಹೆಚ್ಚು ಹೊತ್ತು ತಕ್ಕಡಿ ನೋಡುತ್ತಾನೆ.

ನಾನು ಆ ಸೆಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ನೋಡಿದ ಕೂಡಲೇ ಗೊತ್ತಾಯಿತು. ಒಂದರ ಮೇಲೂ ಆ ಹೆಂಗಸಿನ ಹೆಬ್ಬೆರಳಿನ ಗುಳಿ ಇರಲಿಲ್ಲ. ಎಪ್ಪತ್ತು ಡಿಗ್ರಿಯಲ್ಲಿ ಡಾಂಬರು ಮೆತ್ತಗಾಗಿ, ಗುಳಿ ತುಂಬಿಕೊಂಡು, ನೆತ್ತಿ ನುಣ್ಣಗಾಗಿತ್ತು. ಒಂದು ಕಡೆ ಡಾಂಬರು ಕುಸಿದು ಡಬ್ಬಿಯ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ತೂಕ ಮಾಡಿದೆ. ಒಳಗಿನ ನೀರು ಹಾರಿಹೋದಷ್ಟೂ ತೂಕ ಇಳಿದಿತ್ತು. ಐವತ್ತೈದರ ಸೆಲ್ಲುಗಳ ತೂಕ ಹೆಚ್ಚುಕಡಿಮೆ ಹಾಗೇ ಇತ್ತು, ಬೆರಳಿನ ಗುಳಿಯೂ ಗೆರೆಗಳೂ ಸ್ಪಷ್ಟವಾಗಿದ್ದವು. ಎರಡನ್ನೂ ಗರಗಸದಲ್ಲಿ ಕೊಯ್ದೆ. ಐವತ್ತೈದರ ಸೆಲ್ಲಿನಲ್ಲಿ ಗಂಜಿ ಇನ್ನೂ ಹಸಿಯಾಗಿತ್ತು, ಸತುವಿನ ಮೇಲೆ ಅಲ್ಲಲ್ಲಿ ಸಣ್ಣ ತೂತುಗಳು ಬೀಳತೊಡಗಿದ್ದವು, ಮುಪ್ಪು ಬರಬೇಕಾದ ರೀತಿಯಲ್ಲೇ ಬರುತ್ತಿತ್ತು. ಎಪ್ಪತ್ತರ ಸೆಲ್ಲಿನಲ್ಲಿ ಗಂಜಿ ಒಣಗಿದ ಸಂಡಿಗೆಯ ಹಾಗಿತ್ತು. ಸತುವು ಮಾತ್ರ ಬಹುಪಾಲು ಹೊಸದರಂತೆ ಹೊಳೆಯುತ್ತಿತ್ತು. ಇದು ಮುದಿಯಾಗಿ ಸತ್ತ ಸೆಲ್ಲಲ್ಲ, ಬಾಯಿ ಬಿಚ್ಚಿ ಒಣಗಿಸಿ ಕೊಂದ ಸೆಲ್ಲು. ಗ್ರಾಫಿನಲ್ಲಿ ಇಟ್ಟು ನೋಡಿದರೆ ಎಪ್ಪತ್ತರ ಚುಕ್ಕಿ ಗೆರೆಯನ್ನು ಬಿಟ್ಟು ಎಲ್ಲೋ ಮೇಲೆ ಹೋಗಿ ಕೂತಿತ್ತು.

ಎಲ್ಲವನ್ನೂ ತಟ್ಟೆಯಲ್ಲಿ ಇಟ್ಟುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಗುಳಿ ತೋರಿಸಿದೆ, ತೂಕ ತೋರಿಸಿದೆ, ಗೆರೆ ತೋರಿಸಿದೆ. ಉಗ್ರಾಣದಲ್ಲಿ ಡಾಂಬರು ಕರಗುವುದಿಲ್ಲ, ಆದ್ದರಿಂದ ಈ ಸಾವು ಅಲ್ಲಿ ಬರುವುದೇ ಇಲ್ಲ ಎಂದೆ. ಬೇಸಿಗೆಯಲ್ಲಿ ಸೆಲ್ಲು ಸಾಗಿಸುವ ರೈಲಿನ ಡಬ್ಬಿ ಕಾಯುವುದಿಲ್ಲವೇ ಎಂದು ಅವರು ಕೇಳಿದರು. ಕಾಯುತ್ತದೆ, ಅದಕ್ಕೇ ಐವತ್ತೈದರಲ್ಲಿ ವಾರಗಟ್ಟಲೆ ಇಟ್ಟಿದ್ದೇನೆ, ಅಲ್ಲಿ ಗುಳಿ ಅಳಿಸಿಲ್ಲ ನೋಡಿ ಎಂದೆ. ಇನ್ನು ನಾಲ್ಕು ವಾರ ಕೊಡಿ, ನಲವತ್ತೈದು ಮತ್ತು ಐವತ್ತೈದನ್ನು ಮುಗಿಸುತ್ತೇನೆ ಎಂದು ಕೇಳಿಕೊಂಡೆ. ಕೊನೆಗೆ ದೋಸೆ ಹಿಟ್ಟಿನ ಮಾತನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತೇನೋ, ಅವರಿಗೆ ಹಿಡಿದುಕೊಳ್ಳಲು ಅದೇ ಸಿಕ್ಕಿತು.

"ನೋಡಮ್ಮಾ, ಅಡುಗೆಮನೆ ಮಾತು ಅಡುಗೆಮನೇಲಿರ್ಲಿ. ಇದು ಲ್ಯಾಬು. ಸೆಲ್ಲು ಸತ್ತಿದೆ, ಯಾಕೆ ಸತ್ತಿದೆ ಅನ್ನೋದು ಅದನ್ನ ಮಾಡ್ದೋನ ತಲೆನೋವು."

"ಯಾಕೆ ಸತ್ತಿದೆ ಅಂತ ಗೊತ್ತಿಲ್ದೆ ಗೆರೆ ಎಳೆಯೋ ಹಾಗಿಲ್ಲ ಸಾರ್. ಈ ವರದಿಗೆ ನಾನು ಸಹಿ ಹಾಕಲ್ಲ."

ಅವರು ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ನಾನು ಸಹಿ ಹಾಕಬೇಕಾದ ಜಾಗದಲ್ಲಿ ತಾವೇ ಹಾಕಿದರು. ನಲವತ್ತೈದು ಮತ್ತು ಐವತ್ತೈದರ ಓವನ್ನುಗಳನ್ನು ಅವತ್ತೇ ನಿಲ್ಲಿಸಿದರು. ವರ್ಷಗಳನ್ನು ವಾರಗಳಿಗೆ ಇಳಿಸುವ ವಿದ್ಯೆ ನಮ್ಮದು. ಆ ನಾಲ್ಕು ವಾರವನ್ನೂ ಕೊಡಲಾರದ ಅರ್ಜೆಂಟು ಏನಿತ್ತು? ದೆಹಲಿಯ ದೊಡ್ಡವರು ಬಂದರು, ಕೇಸರಿಬಾತು ತಿಂದರು, ಓವನ್ನುಗಳ ಮುಂದೆ ನಿಂತು ತಲೆ ಆಡಿಸಿದರು, ಹೊರಟುಹೋದರು. ವರದಿಗಳ ಕಟ್ಟನ್ನು ಬಿಚ್ಚಿಯೂ ನೋಡಲಿಲ್ಲ.

ವರದಿ ತಲುಪಿದ ಮೇಲೆ ಗಂಡ ನಮ್ಮಲ್ಲಿಗೆ ಬಂದ. ಮುಖ್ಯಸ್ಥರ ಕೋಣೆಯ ಬಾಗಿಲು ತೆರೆದಿತ್ತು, ನಾನು ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ನಿಮ್ಮ ಸೆಲ್ಲು ಎಂಟು ತಿಂಗಳೂ ಬಾಳುವುದಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು. ತನ್ನ ಶೆಡ್ಡಿನಲ್ಲಿ ಅದಕ್ಕಿಂತ ಹಳೆಯವು ಇವೆ, ಇನ್ನೂ ಗಂಟೆ ಬಾರಿಸುತ್ತವೆ ಎಂದು ಅವನು ಹೇಳಿದ. ಗಂಟೆ ಬಾರಿಸುವುದು ಪರೀಕ್ಷೆಯಲ್ಲ ಎಂದರು. ಅದು ನಿಜ, ಗಂಟೆ ಬಾರಿಸುವುದು ಪರೀಕ್ಷೆಯಲ್ಲ. ಡಾಂಬರು ಕರಗಿಸುವುದೂ ಪರೀಕ್ಷೆಯಲ್ಲ. ಅವನು ಹೊರಬಂದಾಗ ನಾನು ಅವನನ್ನು ಗೇಟಿನ ತನಕ ಕರೆದುಕೊಂಡು ಹೋಗಿ, ತಪ್ಪು ನಿಮ್ಮ ಸೆಲ್ಲಿನದಲ್ಲ, ನಮ್ಮ ಪರೀಕ್ಷೆಯದು, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಇಲಾಖೆಗೆ ಬರೆಯಿರಿ, ನಾನು ಬಂದು ಹೇಳುತ್ತೇನೆ ಎಂದೆ. ಬರೆದ. ಒಮ್ಮೆ ಆದ ಪರೀಕ್ಷೆಯನ್ನು ಮತ್ತೆ ಮಾಡುವ ಪದ್ಧತಿ ಇಲ್ಲ ಎಂದು ಉತ್ತರ ಬಂತು. ಉತ್ತರ ಕೊಡುವ ಮುಂಚೆ ಇಲಾಖೆಯವರು ಅಭಿಪ್ರಾಯ ಕೇಳಿದ್ದು ನಮ್ಮ ಮುಖ್ಯಸ್ಥರನ್ನೇ. ಮುಂದಿನ ಬೇಸಿಗೆಯ ಹೊತ್ತಿಗೆ ರೈಲಿನಿಂದ ಇಳಿದು ಬರುವಾಗ ಆ ಶೆಡ್ಡಿನಲ್ಲಿ ಯಾರೋ ಗೋಣಿಚೀಲ ಪೇರಿಸಿದ್ದು ಕಾಣಿಸಿತು.

ಕಪಾಟಿನಲ್ಲಿ ನಾನು ಹೋಲಿಕೆಗೆ ಇಟ್ಟಿದ್ದ ಆರು ಸೆಲ್ಲುಗಳನ್ನು ಎಸೆಯಲು ಹೇಳಿದರು. ನಾಲ್ಕು ಹೋದವು. ಎರಡನ್ನು ಮುಖ್ಯಸ್ಥರು ಕೈಯಲ್ಲಿ ತೂಗಿ ನೋಡಿ, ಭಾರ ಚೆನ್ನಾಗಿದೆ ಎಂದು ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಆಷಾಢದ ಗಾಳಿಗೆ ಅವರ ಕೋಣೆಯ ಬಾಗಿಲು ದಡಾರನೆ ಬಡಿದುಕೊಳ್ಳುತ್ತಿತ್ತು. ಎರಡು ರೆಕ್ಕೆಯ ಬಾಗಿಲು, ರೆಕ್ಕೆಗೊಂದರಂತೆ ಆ ಸೆಲ್ಲುಗಳನ್ನು ಒತ್ತಾಗಿ ಇಟ್ಟುಕೊಂಡರು. ನಾನು ದಿನವೂ ಆ ಬಾಗಿಲಿನಲ್ಲಿ ಹೋಗಿ ಬರಬೇಕಿತ್ತು. ದಿನವೂ ನೆಲದ ಮೇಲೆ ಆ ಹೆಬ್ಬೆರಳಿನ ಗುಳಿ ಕಾಣುತ್ತಿತ್ತು. ಕೆಲಸ ಬಿಟ್ಟುಬಿಡು ಎಂದು ಅಮ್ಮ ಮನೆಯಲ್ಲಿ ಹೇಳುತ್ತಿದ್ದಳು. ನಾನೇಕೆ ಬಿಡಬೇಕು ಎಂದು ಅವಳ ಮೇಲೆ ರೇಗುತ್ತಿದ್ದೆ. ತಪ್ಪು ಮಾಡಿದವರು ಕುರ್ಚಿಯಲ್ಲಿ ಕೂತಿರಬೇಕು, ತಪ್ಪನ್ನು ತೋರಿಸಿದವಳು ಮನೆಗೆ ಹೋಗಬೇಕೆ?

ಹೀಗೆ ಮೂರು ವರ್ಷ ದಾಟಿತು. ಒಂದು ದಿನ ಮುಖ್ಯಸ್ಥರ ಮೇಜಿನ ಕರೆಗಂಟೆ ನಿಂತುಹೋಯಿತು. ಅದರ ಸೆಲ್ಲು ತೀರಿತ್ತು. ದೊಡ್ಡ ಕಂಪನಿಯ ಸೆಲ್ಲು, ನಮ್ಮಲ್ಲೇ ಪಾಸಾದದ್ದು. ಉಗ್ರಾಣದಲ್ಲಿ ಬೇರೆ ಸೆಲ್ಲು ಇರಲಿಲ್ಲ, ಅವರು ಊಟಕ್ಕೆ ಹೋಗಿದ್ದರು. ನನಗೆ ಏನನ್ನಿಸಿತೋ, ಬಾಗಿಲಿನ ಒಂದು ಸೆಲ್ಲನ್ನು ಎತ್ತಿ, ಧೂಳು ಒರೆಸಿ, ತಂತಿ ಕಟ್ಟಿದೆ. ಊಟ ಮುಗಿಸಿ ಬಂದು ಅವರು ಗುಂಡಿ ಒತ್ತಿದರು. ಗಂಟೆ ಖಣಖಣ ಎಂದಿತು. ಒಂದು ವಾರ ಅವರು ಅದೇ ಸೆಲ್ಲಿನಿಂದ ನಮ್ಮೆಲ್ಲರನ್ನೂ ಕರೆದು ಬೈದರು.

ಇನ್ನೊಂದು ಸೆಲ್ಲನ್ನು ಪರೀಕ್ಷೆಗೆ ಹಾಕಿದೆ. ಪೂರ್ತಿ ಖಾಲಿಯಾಗುವ ತನಕ ಹರಿಸಿ ಅಳೆದೆ. ಮೂರು ವರ್ಷ ನೆಲದ ಮೇಲೆ ಬಿದ್ದು, ಬಾಗಿಲಿನ ಒದೆ ತಿಂದೂ, ಐದರಲ್ಲಿ ನಾಲ್ಕು ಪಾಲು ಶಕ್ತಿ ಅದರಲ್ಲಿತ್ತು. ಬೆಂಗಳೂರಿನ ನೆರಳು ಮೂವತ್ತು ಡಿಗ್ರಿಗಿಂತ ತಂಪು, ಅಷ್ಟರಮಟ್ಟಿಗೆ ಮುಪ್ಪು ನಿಧಾನವಾಗಿ ಬಂದಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದೆ. ಹಳೆಯ ಗ್ರಾಫ್ ತೆಗೆದು, ಅರ್ಧಕ್ಕೆ ನಿಲ್ಲಿಸಿದ ಆ ಗೆರೆಯನ್ನು ನಮ್ಮ ಕೋಣೆಯ ಬಿಸಿಯ ತನಕ ಎಳೆದು ನೋಡಿದೆ. ಗೆರೆ ಹೇಳಿದ್ದಕ್ಕೂ ಸೆಲ್ಲು ಹೇಳಿದ್ದಕ್ಕೂ ಹೆಚ್ಚು ಅಂತರ ಇರಲಿಲ್ಲ. ಏಳೆಂಟು ವಾರದಲ್ಲಿ ನಾವು ಕಂಡದ್ದು ಸರಿಯಾಗಿತ್ತು. ನನಗೆ ಸಂತೋಷವಾಗಬೇಕಿತ್ತು. ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

ಗ್ರಾಫನ್ನು ಮುಖ್ಯಸ್ಥರ ಮುಂದೆ ಹರಡಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರು ದಡ್ಡರಲ್ಲ, ಅದೇ ನನ್ನ ಹೊಟ್ಟೆಯುರಿ. ನೋಡಿದ ಕೂಡಲೇ ಅರ್ಥವಾಗಿತ್ತು. ಅವರ ಮುಖದಲ್ಲಿ ನಾಚಿಕೆ ಕಾಣಬಹುದೆಂದು ಕಾದೆ. ಕಂಡದ್ದು ಖುಷಿ.

"ಭೇಷ್. ನಿಜವಾದ ಮೂರು ವರ್ಷದ ಅಂಕಿ ಯಾರ ಹತ್ರ ಇರುತ್ತೆ ಹೇಳು? ಒಂದು ಪೇಪರ್ ಬರಿಯಮ್ಮ. ಇಬ್ಬರ ಹೆಸರೂ ಹಾಕೋಣ."

ಮೊದಲು ಹಳೆಯ ವರದಿ ತಪ್ಪು ಎಂದು ಇಲಾಖೆಗೆ ಬರೆಯಿರಿ ಎಂದೆ. ಹಳೆಯದನ್ನು ಕೆದಕಿ ಏನಾಗಬೇಕು, ಆ ಶೆಡ್ಡೇ ಇಲ್ಲವಲ್ಲ ಈಗ ಎಂದರು. ಅವರೇ ಮುಚ್ಚಿಸಿದ ಶೆಡ್ಡು ಇಲ್ಲದಿರುವುದೇ ಅವರಿಗೆ ಒಳ್ಳೆಯ ಕಾರಣವಾಯಿತು. ಗ್ರಾಫನ್ನು ಸುತ್ತಿಕೊಂಡು ಬಂದೆ. ಪೇಪರ್ ಬರೆಯಲಿಲ್ಲ. ಅವರು ಬರೆಯಲು ಹೋದರಂತೆ, ಅಂಕಿಗಳು ನನ್ನ ಹತ್ತಿರ ಇದ್ದವು. ನಾನು ಕೊಡಲಿಲ್ಲ.

ಆ ಭಾನುವಾರ ಗಂಟೆಗೆ ಕಟ್ಟಿದ್ದ ಸೆಲ್ಲನ್ನು ಚೀಲದಲ್ಲಿ ಇಟ್ಟುಕೊಂಡು ಶೆಟ್ಟಿಹಳ್ಳಿಗೆ ಹೋದೆ. ಮನೆ ಕೇಳಿಕೊಂಡು ಹೋಗಬೇಕಾಯಿತು. ಗಂಡ ಈಗ ಯಶವಂತಪುರದ ಯಾರ್ಡಿನಲ್ಲಿ ವ್ಯಾಗನ್ನಿನಿಂದ ಮೂಟೆ ಇಳಿಸುತ್ತಿದ್ದ. ಇಳಿಸುವ ಪೆಟ್ಟಿಗೆಗಳಲ್ಲಿ ದೊಡ್ಡ ಕಂಪನಿಯ ಸೆಲ್ಲುಗಳೂ ಇರುತ್ತವೆ ಎಂದು ತಾನಾಗಿಯೇ ಹೇಳಿದ, ನಗಲಿಲ್ಲ. ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನನಗೆ ಚಾಪೆ ಹಾಕಿ ಮಜ್ಜಿಗೆ ಕೊಟ್ಟಳು. ನಾನು ಸೆಲ್ಲನ್ನು ಚಾಪೆಯ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಎಪ್ಪತ್ತು ಡಿಗ್ರಿಯನ್ನು, ಅಳಿಸಿಹೋದ ಗುಳಿಯನ್ನು, ಈ ಮೂರು ವರ್ಷವನ್ನು.

ಅವಳು ಮೊರ ಪಕ್ಕಕ್ಕಿಟ್ಟು ಸೆಲ್ಲನ್ನು ಮಡಿಲಿಗೆ ತೆಗೆದುಕೊಂಡಳು. ಡಾಂಬರಿನ ಗುಳಿಯ ಧೂಳನ್ನು ಸೆರಗಿನಿಂದ ಒರೆಸಿ ಅದರಲ್ಲಿ ಹೆಬ್ಬೆರಳು ಇಟ್ಟಳು. ಸರಿಯಾಗಿ ಕೂತಿತು.

"ಇಷ್ಟ್ ದಿನ ಎಲ್ಲಿತ್ತಮ್ಮಾ ಇದು?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅಲ್ಲಿಗೆ ಆಗಿದ್ದ ಸುಳ್ಳೇ ಸಾಕಾಗಿತ್ತು. ಸಾಹೇಬರ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟಿದ್ದರು ಎಂದೆ. ಅವಳು ತಲೆ ಆಡಿಸಿ, ಸೆಲ್ಲನ್ನು ಗಂಡನ ಕೈಗೆ ಕೊಟ್ಟಳು. ಅವನು ಒಳಗೆ ಹೋಗಿ ಅಟ್ಟದಿಂದ ಆ ಹಳೆಯ ಕರೆಗಂಟೆಯನ್ನು ತೆಗೆದುಕೊಂಡು ಬಂದ. ತಂತಿಗೆ ತುಕ್ಕು ಹಿಡಿದಿತ್ತು, ಹಲ್ಲಿನಿಂದ ಕಚ್ಚಿ ಕೆರೆದು ಸೆಲ್ಲಿಗೆ ಸುತ್ತಿ, ಗುಂಡಿ ಒತ್ತಿದ.

ಗಂಟೆ ಹೊಡೆಯಿತು. ಅವನು ಬೆರಳು ತೆಗೆಯಲಿಲ್ಲ. ಪಕ್ಕದ ಮನೆಯವರು ಬಂದು ಇಣುಕಿದರು. ಗಂಟೆ ಹೊಡೆಯುತ್ತಲೇ ಇತ್ತು.

ಹೆಂಡತಿ ಅವನ ಮೊಣಕೈ ಮುಟ್ಟಿ, ಸಾಕು, ಸೆಲ್ಲು ಖರ್ಚಾಗುತ್ತದೆ ಎಂದಳು.

"ಆಗ್ಲಿ ಬಿಡು. ಇನ್ಯಾರ್ಗೆ ಉಳಿಸ್ಬೇಕು?"

ನಾನು ಹೊರಟಾಗಲೂ ಅವನ ಬೆರಳು ಗುಂಡಿಯ ಮೇಲೇ ಇತ್ತು. ಊರು ದಾಟಿ ರಸ್ತೆಗೆ ಬರುವ ತನಕ ಆ ಸದ್ದು ಕೇಳುತ್ತಿತ್ತು, ಒಂದಿಷ್ಟೂ ಕುಗ್ಗಿರಲಿಲ್ಲ.